ವರಾಹ ಲಾಂಛನಕ್ಕೆ ನಾಲ್ಕು ಬಣ್ಣ, ನಾಲ್ಕು ಬಾಡಿ

ಹಂಪಿಯಲ್ಲಿ ಗೈಡ್ ಕೆಲಸ ಮಾಡುವ ಹುಡುಗನೊಬ್ಬ ನಮ್ಮ ಹೊಸಪೇಟೆ ಅಂಗಡಿಗೆ ಬಂದು ಮೊಬೈಲ್ ಮುಂದೆ ಹಿಡಿದ. ವಿಜಯನಗರದ ಅರಸರ ಲಾಂಛನ: ಹಂದಿ, ಅದರೆದುರು ನೆಟ್ಟಗೆ ನಿಂತ ಕಠಾರಿ, ಮೇಲೆ ಸೂರ್ಯ ಚಂದ್ರ. ಕಲ್ಲಿನಲ್ಲಿ ಕೆತ್ತಿದ್ದನ್ನು ಯಾರೋ ಕಂಪ್ಯೂಟರಿನಲ್ಲಿ ಬಣ್ಣ ತುಂಬಿ ಬರೆದಿದ್ದರು.

"ಅಣ್ಣ, ಇದನ್ನ ಫ್ರಿಜ್ಜಿಗೆ ಅಂಟಿಸೋ ಬಿಲ್ಲೆ ಮಾಡಿಕೊಡ್ರಿ. ಕಾವಿ ಬಣ್ಣದ ಮೇಲೆ ಹಂದಿ ಹಳದಿ ಬರ್ಲಿ, ಕಠಾರಿ ಬೂದಿ, ಸೂರ್ಯ ಚಂದ್ರ ಬಿಳಿ. ಕೆಳಗ ಊರ ಹೆಸ್ರು ಕನ್ನಡದಾಗ ಇರ್ಬೇಕು. ಪೇಂಟ್ ಬ್ಯಾಡ, ಕೆರೆದ್ರ ಹೋಗ್ತದ."

ಅವನಿಗೆ ಹಂಪಿ ಎಂದು ಬರೆದ ಒಂಬತ್ತು, ಹೊಸಪೇಟೆ ಎಂದು ಒಂಬತ್ತು, ಸಂಡೂರಿನ ಗೆಳೆಯನ ಅಂಗಡಿಗೆ ಒಂಬತ್ತು, ಕಂಪ್ಲಿಯ ಸೋದರಮಾವನಿಗೆ ಒಂಬತ್ತು ಬೇಕಿದ್ದವು. ಒಟ್ಟು ಮೂವತ್ತಾರು ಬಿಲ್ಲೆ. ನಮ್ಮ ಪ್ರಿಂಟರಿಗೆ ನಾಲ್ಕು ಸುರುಳಿ ಫಿಲಮೆಂಟ್ ಹಿಡಿಯುವ ಪೆಟ್ಟಿಗೆ ಜೋಡಿಸಿದೆ, ನಾಜಲ್ ಮಾತ್ರ ಒಂದೇ. ಬಣ್ಣ ಬದಲಾಗಬೇಕಾದಾಗ ಅದು ಹಳೆಯ ಎಳೆಯನ್ನು ಹಿಂದಕ್ಕೆಳೆದು ಹೊಸದನ್ನು ತೂರಿಸಿ, ನಾಜಲಿನಲ್ಲಿ ಉಳಿದ ಹಳೆ ಬಣ್ಣವನ್ನು ಹೊರಗೆ ಉಗಿದು, ಆಮೇಲೆ ಕೆಲಸ ಮುಂದುವರಿಸುತ್ತದೆ. ಅಂದರೆ ಯಂತ್ರ ತಯಾರಿತ್ತು. ತಯಾರಾಗಬೇಕಿದ್ದದ್ದು ಮಾದರಿ. ಆ ಒಂದು ಚಿತ್ರವನ್ನು ನಾಲ್ಕು ಬಣ್ಣದ ನಾಲ್ಕು ಬಾಡಿಯಾಗಿ ಒಡೆದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಲೋಗೊ ಸಂಘದ್ದಿರಲಿ, ಶಾಲೆಯದ್ದಿರಲಿ, ಹೋಟೆಲಿನದ್ದಿರಲಿ, ದಾರಿ ಇದೇ.

ಸ್ಕ್ರೀನ್ ಪ್ರಿಂಟಿಂಗ್ ಮಾಡಿದವರಿಗೆ ಅರ್ಧ ವಿಷಯ ಆಗಲೇ ಗೊತ್ತು. ಮೂರು ಬಣ್ಣದ ಮದುವೆ ಕಾರ್ಡಿಗೆ ಮೂರು ಸ್ಕ್ರೀನ್ ಬೇಕು, ಮೂರೂ ಒಂದೇ ಗುರುತಿಗೆ ಕೂರಬೇಕು, ಇಲ್ಲವಾದರೆ ಗಣಪತಿಯ ಕಿರೀಟ ತಲೆಯಿಂದ ಪಕ್ಕಕ್ಕೆ ಸರಿಯುತ್ತದೆ. ಇಲ್ಲೂ ಪ್ರತಿ ಬಣ್ಣಕ್ಕೆ ಒಂದು ಬಾಡಿ, ಎಲ್ಲಕ್ಕೂ ಒಂದೇ ಗುರುತು. ಆದರೆ ಕಾರ್ಡಿನಲ್ಲಿ ಹಳದಿಯ ಮೇಲೆ ಕೆಂಪು ಒತ್ತಿದರೆ ನಡೆಯುತ್ತದೆ, ಮೇಲಿನದು ಕೆಳಗಿನದನ್ನು ಮುಚ್ಚುತ್ತದೆ. ಪ್ಲಾಸ್ಟಿಕ್ಕಿಗೆ ಗಾತ್ರವಿದೆ. ಬಿಲ್ಲೆಯೊಳಗಿನ ಯಾವುದೇ ಒಂದು ಜಾಗ ಒಂದೇ ಬಾಡಿಗೆ ಸೇರಿರಬೇಕು. ಎರಡಕ್ಕೆ ಸೇರಿದರೆ ತಗಾದೆ, ಯಾವುದಕ್ಕೂ ಸೇರದಿದ್ದರೆ ತೂತು. ಮೈಸೂರಿನ ಮರದ ಇನ್‌ಲೇ ಕೆಲಸದವರು ಬೀಟೆ ಹಲಗೆಯಲ್ಲಿ ಆನೆಯ ಆಕಾರಕ್ಕೆ ಗುಳಿ ತೋಡಿ, ಅದೇ ಆಕಾರದ ಬಿಳಿ ತುಂಡನ್ನು ಅದರಲ್ಲಿ ಕೂರಿಸುತ್ತಾರಲ್ಲ, ನಾವು ಮಾಡಬೇಕಾದದ್ದೂ ಅದೇ.

ಮೊದಲ ಸಲ ನಾನು ಇದನ್ನು ತಿಳಿಯದೆ, ಇಡೀ ಚಿತ್ರವನ್ನು ಒಂದೇ ಮಾದರಿಯಾಗಿ ಎಬ್ಬಿಸಿ ಒಂದೇ STL ಫೈಲ್ ತೆಗೆದೆ. ಸ್ಲೈಸರಿನಲ್ಲಿ `Split to parts` ಎಂಬ ಗುಂಡಿ ಇದೆ, ಅದು ಒಡೆದುಕೊಡುತ್ತದೆ ಎಂದುಕೊಂಡಿದ್ದೆ. ಒತ್ತಿದರೆ ಏನೂ ಆಗಲಿಲ್ಲ. ಕಾರಣ ಸರಳ. STL ಫೈಲಿನಲ್ಲಿ ಇರುವುದು ತ್ರಿಕೋನಗಳ ಚಿಪ್ಪು ಮಾತ್ರ. ಯಾವ ತ್ರಿಕೋನ ಹಂದಿಯದು, ಯಾವುದು ತಳದ್ದು ಎಂಬ ನೆನಪು ಅದಕ್ಕಿಲ್ಲ. ಆ ಗುಂಡಿ ನೋಡುವುದು ಒಂದಕ್ಕೊಂದು ಅಂಟಿರದ ಚಿಪ್ಪುಗಳಿವೆಯೇ ಎಂದಷ್ಟೇ. ತಳಕ್ಕೆ ಬೆಸೆದುಹೋದ ಹಂದಿ ಅದರ ಕಣ್ಣಿಗೆ ತಳದ ಮೇಲಿನ ಒಂದು ಉಬ್ಬು. ಇನ್ನೊಂದು ತುದಿಯೂ ಇದೆ: ಬೆಸೆಯದೆ ಬಿಟ್ಟ ಅಕ್ಷರಗಳಿದ್ದರೆ ಪ್ರತಿ ಅಕ್ಷರ, ಪ್ರತಿ ಒತ್ತು, ಪ್ರತಿ ಸೊನ್ನೆ ಬೇರೆ ಬೇರೆ ತುಂಡಾಗಿ ಇಪ್ಪತ್ತು ಸಾಲಿನ ಪಟ್ಟಿ ಬೆಳೆಯುತ್ತದೆ. ಆ ಗುಂಡಿ ಆಕಾರದ ಜೋಡಣೆ ನೋಡಿ ಒಡೆಯುತ್ತದೆ, ಬಣ್ಣ ನೋಡಿ ಅಲ್ಲ. ಹಾಗಾಗಿ ಒಡೆಯುವ ಕೆಲಸ ಮಾದರಿ ದಪ್ಪವಾಗುವ ಮೊದಲೇ, ಚಿತ್ರ ಇನ್ನೂ ಚಪ್ಪಟೆಯಾಗಿರುವಾಗಲೇ ಮುಗಿಯಬೇಕು. ಚಪ್ಪಟೆ ಚಿತ್ರದಲ್ಲಿ ಐದು ನಿಮಿಷದ ಕೆಲಸ ಚಿಪ್ಪಾದ ಮೇಲೆ ಐದು ಗಂಟೆಯದಾಗುತ್ತದೆ.

ಚಿತ್ರಕ್ಕೆ ನಾನು ಇಂಕ್‌ಸ್ಕೇಪ್ ಬಳಸುತ್ತೇನೆ, ಉಚಿತ. ಮೊದಲು ಪುಟವನ್ನು ಅಗಲ 60, ಎತ್ತರ 60 ಮಿಲಿಮೀಟರ್ ಎಂದು ಕೂರಿಸಿದೆ, ಬಿಲ್ಲೆಯ ಅಳತೆಯೂ ಅದೇ. ಈ ಪುಟವೇ ಮುಂದೆ ನಮ್ಮ ಗುರುತು, ಕೊನೆಯವರೆಗೂ ಇದನ್ನು ಬದಲಿಸಬಾರದು. ಹುಡುಗ ಕಳಿಸಿದ JPEG ಚಿತ್ರವನ್ನು ಹಿನ್ನೆಲೆಯಲ್ಲಿಟ್ಟು `Trace Bitmap` ಒತ್ತಿದರೆ ಆಕೃತಿ ತಾನಾಗಿ ಬರುತ್ತದೆ ಎಂಬ ಆಸೆ ಎಲ್ಲರಿಗೂ ಇರುತ್ತದೆ. ಬರುವುದೇನೋ ಬರುತ್ತದೆ. ಆದರೆ ಹಳದಿ ಕಾವಿಗೆ ತಾಗುವ ಅಂಚಿನಲ್ಲಿ JPEG ಎರಡರ ನಡುವಿನ ಕಿತ್ತಳೆ ಛಾಯೆ ಹಚ್ಚಿರುತ್ತದೆ, ಟ್ರೇಸ್ ಅದನ್ನೂ ಒಂದು ಬಣ್ಣವೆಂದು ಎಣಿಸಿ ಕೂದಲೆಳೆಯಂಥ ತುಂಡುಗಳನ್ನು ಹೆರುತ್ತದೆ. ಅಲ್ಲಿ `Stack` ಎಂಬ ಆಯ್ಕೆಯನ್ನು ಗುರುತಿಸಿದರೆ ಬಣ್ಣಗಳು ಒಂದರ ಮೇಲೊಂದು ಹಾಸಿಕೊಳ್ಳುತ್ತವೆ, ಗುರುತಿಸದಿದ್ದರೆ ನಡುವೆ ಸೀಳು ಬಿಡುತ್ತವೆ. ಎರಡೂ ನಮಗೆ ಬೇಡದ್ದೇ. ಕಲ್ಲಿನ ಲಾಂಛನದಲ್ಲಿ ರೇಖೆಗಳು ಹೆಚ್ಚಿಲ್ಲ. ಪೆನ್ ಸಾಧನ ಹಿಡಿದು ಹಂದಿಯ ಬೆನ್ನು, ಮೂತಿ, ನಾಲ್ಕು ಕಾಲು, ಕಠಾರಿಯ ಹಿಡಿ ಮತ್ತು ಅಲಗನ್ನು ಕೈಯಿಂದ ಎಳೆದೆ. ಮುಕ್ಕಾಲು ಗಂಟೆ ಹಿಡಿಯಿತು, ಮುಂದಿನ ಎಲ್ಲ ತೊಂದರೆ ಅಲ್ಲೇ ಕಳೆಯಿತು.

ಎಳೆಯುವಾಗಲೇ ನಾಜಲಿನ ಅಳತೆ ಮನಸ್ಸಿನಲ್ಲಿರಬೇಕು. ನಮ್ಮದು 0.4 ಮಿ.ಮೀ. ನಾಜಲ್. ಅದು ಹಾಕುವ ಗೆರೆಯ ಅಗಲ ಸುಮಾರು 0.42 ಮಿ.ಮೀ. ಅದಕ್ಕಿಂತ ತೆಳ್ಳಗಿನದು ಮುದ್ರಣದಲ್ಲಿ ಮಾಯವಾಗುತ್ತದೆ ಅಥವಾ ಹರಕುಹರಕಾಗಿ ಬರುತ್ತದೆ. ಎರಡು ಗೆರೆ ಪಕ್ಕಪಕ್ಕ ಕೂರುವಷ್ಟು, ಅಂದರೆ 0.8 ಮಿ.ಮೀ. ಅಗಲ ನಾನು ಇಟ್ಟುಕೊಂಡ ಕನಿಷ್ಠ ಮಿತಿ. ಈ ಲಾಂಛನದಲ್ಲಿ ಮಿತಿ ಮೀರುವ ಜಾಗ ಮೂರಿದ್ದವು. ಕಠಾರಿಯ ಮೊನೆ ಸೊನ್ನೆಗೆ ಇಳಿಯುತ್ತದೆ. ಚಂದ್ರನ ಎರಡು ಕೊಂಬೂ ಹಾಗೆಯೇ. ಹಂದಿಯ ಕೋರೆ ಅರ್ಧ ಮಿಲಿಮೀಟರೂ ಇರಲಿಲ್ಲ. ಹಾಗೇ ಬಿಟ್ಟಿದ್ದರೆ ಕಠಾರಿಯ ತುದಿ ಎರಡು ಮಿಲಿಮೀಟರ್ ಕತ್ತರಿಸಿಹೋಗಿ ಮೊಂಡಾಗಿ ಕಾಣುತ್ತಿತ್ತು, ಚಂದ್ರ ತೆಂಗಿನಕಾಯಿ ಚೂರಿನಂತೆ ಕಾಣುತ್ತಿದ್ದ. ಮೊನೆ ಮತ್ತು ಕೊಂಬುಗಳನ್ನು 0.8ಕ್ಕೆ ದುಂಡಗೆ ನಿಲ್ಲಿಸಿದೆ. ಕಣ್ಣಿಗೆ ಅದು ಚೂಪಾಗಿಯೇ ಕಾಣುತ್ತದೆ. ಕೋರೆಯನ್ನು ಬಿಳಿ ಮಾಡುವ ಆಸೆ ಬಿಟ್ಟು, ಹಂದಿಯ ಮೈಯೊಳಗೆ 0.8ರ ಒಂದು ಬಾಗಿದ ಸಂದಾಗಿ ತೋಡಿದೆ. ಆ ಸಂದಿನಲ್ಲಿ ತಳದ ಕಾವಿ ಇಣುಕಿ ಕೋರೆಯ ಗೆರೆಯಾಗುತ್ತದೆ. ಕಣ್ಣೂ ಹಾಗೆಯೇ, ಒಂದೂವರೆ ಮಿಲಿಮೀಟರಿನ ರಂಧ್ರ. ತಳದ ಬಣ್ಣವನ್ನು ರೇಖೆಯಾಗಿ ಬಳಸಿದರೆ ಒಂದು ಬಾಡಿ ಉಳಿಯುತ್ತದೆ, ಚಿತ್ರವೂ ಚೊಕ್ಕಟವಾಗುತ್ತದೆ.

ಹಂದಿಯ ಮುಂಗಾಲು ಕಠಾರಿಯ ಹಿಡಿಗೆ ತುಸು ತಾಗುವಂತೆ ನನ್ನ ರೇಖೆ ಬಂದಿತ್ತು. ಇಲ್ಲಿ ಕತ್ತರಿಸಬೇಕು. ಯಾವುದು ಮುಂದೆ ಎಂದು ಮೊದಲು ತೀರ್ಮಾನಿಸಿ. ಕಠಾರಿ ಮುಂದೆ ಎಂದಿಟ್ಟುಕೊಂಡೆ. ಕಠಾರಿಯನ್ನು ಆರಿಸಿ `Ctrl+D` ಒತ್ತಿ ನಕಲು ಮಾಡಿ, ನಕಲನ್ನೂ ಹಂದಿಯನ್ನೂ ಒಟ್ಟಿಗೆ ಆರಿಸಿ `Path > Difference` ಕೊಟ್ಟೆ. ಮೇಲಿನ ಆಕಾರ ಕೆಳಗಿನದನ್ನು ಕಚ್ಚಿಕೊಂಡು ಹೋಗುತ್ತದೆ, ಮೂಲ ಕಠಾರಿ ಉಳಿಯುತ್ತದೆ. ನಕಲು ಮಾಡುವುದನ್ನು ಮರೆತರೆ ಕಠಾರಿಯೇ ಹೋಗುತ್ತದೆ, ಆಗ `Ctrl+Z`. ಹೀಗೆ ಕತ್ತರಿಸಿದಾಗ ಎರಡೂ ಆಕಾರದ ನಡುವಿನ ಗಡಿ ಒಂದೇ ರೇಖೆಯಿಂದ ಹುಟ್ಟಿರುತ್ತದೆ, ಕೂದಲೆಳೆಯ ಅಂತರವೂ ಇರುವುದಿಲ್ಲ. ಆಮೇಲೆ ಒಂದನ್ನು ಮಾತ್ರ `Simplify` ಮಾಡಿದಿರೋ ಆ ಹೊಂದಿಕೆ ಹಾಳಾಯಿತು. ನಯ ಮಾಡುವುದಿದ್ದರೆ ಕತ್ತರಿಸುವ ಮೊದಲು ಮಾಡಿ.

ಇಲ್ಲಿ ಹಲವರು ಕೇಳುವ ಪ್ರಶ್ನೆ: ಎರಡು ಬಾಡಿಗಳ ನಡುವೆ ಸಡಿಲ ಬಿಡಬೇಕೇ? ಒಂದೇ ಮುದ್ರಣದಲ್ಲಿ ಎಲ್ಲ ಬಣ್ಣ ಬರುವುದಾದರೆ ಬಿಡಬಾರದು, ಒಂದು ಬಿಸಿ ಗೆರೆಯ ಪಕ್ಕಕ್ಕೆ ಇನ್ನೊಂದು ಕೂತು ಅಂಟಿಕೊಳ್ಳಬೇಕು. ಹಂದಿಯನ್ನು ಬೇರೆಯಾಗಿ ಮುದ್ರಿಸಿ ಆಮೇಲೆ ಗುಳಿಯಲ್ಲಿ ಒತ್ತಿ ಅಂಟಿಸುವುದಾದರೆ ಮಾತ್ರ ಸುತ್ತ 0.1ರಿಂದ 0.2 ಮಿ.ಮೀ. ಬಿಡಬೇಕು, ಇಲ್ಲವಾದರೆ ಕೂರುವುದಿಲ್ಲ. ಎರಡೂ ಪದ್ಧತಿಯ ಸಲಹೆಗಳನ್ನು ಬೆರೆಸಿಕೊಂಡವರ ಬಿಲ್ಲೆಯಲ್ಲಿ ಹಂದಿಯ ಸುತ್ತ ಕತ್ತಲ ಗೆರೆಯೊಂದು ಕಾಣುತ್ತದೆ.

ಅಕ್ಷರದ ವಿಷಯಕ್ಕೆ ಸ್ವಲ್ಪ ಹೆಚ್ಚು ಜಾಗ ಕೊಡುತ್ತೇನೆ, ಏಕೆಂದರೆ ಇದನ್ನು ಕನ್ನಡದವರೇ ಹೇಳಬೇಕು. ಹಂಪಿ, ಸಂಡೂರು, ಕಂಪ್ಲಿ: ಮೂರು ಊರಿನ ಹೆಸರಲ್ಲೂ ಸೊನ್ನೆ ಇದೆ. ಅಕ್ಷರ ಏಳು ಮಿಲಿಮೀಟರ್ ಎತ್ತರವಿದ್ದರೆ ಸೊನ್ನೆಯ ಒಳಗಿನ ಬಯಲು ಒಂದು ಮಿಲಿಮೀಟರಿನ ಆಸುಪಾಸು. ಆ ಬಯಲಿನಲ್ಲಿ ತಳದ ಕಾವಿ ಬಣ್ಣದ ಒಂದು ಚುಕ್ಕಿ ಕೂರಬೇಕು. ಅಷ್ಟು ಸಣ್ಣ ಚುಕ್ಕಿಯನ್ನು ನಾಜಲ್ ಇಟ್ಟು ಹೊರಡುವಾಗ ಅದು ನಾಜಲಿಗೇ ಅಂಟಿ ಎದ್ದುಬರುವುದುಂಟು, ಆಗ ಸೊನ್ನೆ ಹೋಗಿ ಬಿಳಿ ಬೊಟ್ಟು ಉಳಿಯುತ್ತದೆ. ಸೊನ್ನೆಯನ್ನು ಮಾತ್ರ ಆರಿಸಿ ತುಸು ದೊಡ್ಡದು ಮಾಡಿ, ಒಳಬಯಲು ಒಂದೂವರೆ ಮಿಲಿಮೀಟರ್ ಆಗುವಂತೆ ನೋಡಿಕೊಂಡೆ. ಬೋರ್ಡು ಬರೆಯುವವರು ದೂರದಿಂದ ಓದಿಸಲು ಸೊನ್ನೆಯನ್ನು ದಪ್ಪ ಮಾಡುವುದು ಹಳೆಯ ರೂಢಿ, ಇಲ್ಲೂ ಅದು ಕಣ್ಣಿಗೆ ಕುಕ್ಕುವುದಿಲ್ಲ.

ಕಂಪ್ಲಿಯಲ್ಲಿ ಇನ್ನೊಂದು ತೊಡಕು, ಲಕಾರದ ಒತ್ತು. ಅಕ್ಷರವನ್ನು ಇಂಕ್‌ಸ್ಕೇಪಿನಲ್ಲಿ ಯೂನಿಕೋಡ್ ಫಾಂಟಿನಲ್ಲಿ ಟೈಪ್ ಮಾಡಿದರೆ ಒತ್ತು ಸರಿಯಾಗಿಯೇ ಕೂರುತ್ತದೆ. ನಾನು ಬಳಸಿದ್ದು ನೋಟೊ ಸ್ಯಾನ್ಸ್ ಕನ್ನಡ, ದಪ್ಪ ಅಚ್ಚು. ಆಮೇಲೆ `Path > Object to Path` ಕೊಟ್ಟಾಗ ಅಕ್ಷರಗಳು ಆಕಾರವಾಗುತ್ತವೆ. ಒತ್ತು ಮೇಲಿನ ಅಕ್ಷರಕ್ಕೆ ತಾಗಿಕೊಂಡಿದ್ದರೆ, ಎರಡರ ರೇಖೆ ಒಂದರ ಮೇಲೊಂದು ಹಾಯುವ ಜಾಗವನ್ನು ಮುಂದಿನ ತಂತ್ರಾಂಶ ತೂತು ಎಂದು ಓದಬಹುದು. ಬಿಳಿ ಅಕ್ಷರದ ನಡುವೆ ಅಕ್ಕಿಕಾಳಿನಂಥ ಕಾವಿ ಕಲೆ ಕಂಡರೆ ಇದೇ ಕಾರಣ. ಪರಿಹಾರ: ಗುಂಪು ಬಿಡಿಸಿ, ಎಲ್ಲವನ್ನೂ ಆರಿಸಿ, `Path > Union`. ಹೊಸಪೇಟೆಯಲ್ಲಿ ಪೇ ಅಕ್ಷರದ ದೀರ್ಘ ಬೇರೆ ತುಂಡಾಗಿ ನಿಲ್ಲುತ್ತದೆ. ಅದು ಪಕ್ಕದ ಅಕ್ಷರದಿಂದ ಅರ್ಧ ಮಿಲಿಮೀಟರಿಗಿಂತ ಹತ್ತಿರವಿದ್ದರೆ ನಡುವೆ ತಳದ ಗೆರೆ ಹಾಯಲು ಜಾಗವಿರುವುದಿಲ್ಲ, ದೂರ ಸರಿಸಿ.

ಈಗ ಮೂರು ಫೈಲ್ ಉಳಿಸಿದೆ. ಹಂದಿ ಮಾತ್ರ ಇರುವುದು `handi.svg`, ಕಠಾರಿ ಮಾತ್ರ ಇರುವುದು `kathari.svg`, ಸೂರ್ಯ ಚಂದ್ರ ಮತ್ತು ಊರ ಹೆಸರು ಇರುವುದು `bili.svg`. ಸೂರ್ಯ ಚಂದ್ರರೂ ಅಕ್ಷರಗಳೂ ಒಂದೇ ಬಣ್ಣ, ಆದ್ದರಿಂದ ಒಂದೇ ಫೈಲು. ಒಂದು ಬಣ್ಣ, ಒಂದು ಫೈಲು, ಅಷ್ಟೇ. ಪ್ರತಿಯೊಂದರಲ್ಲೂ ಉಳಿದದ್ದನ್ನು ಅಳಿಸಿದೆ, ಆದರೆ ಪುಟವನ್ನು ಮುಟ್ಟಲಿಲ್ಲ, ಆಕಾರಗಳನ್ನು ಸರಿಸಲಿಲ್ಲ. ಆಕಾರಕ್ಕೆ ಹೊರಗೆರೆ ಇದ್ದರೆ ತೆಗೆದು ತುಂಬುಬಣ್ಣ ಮಾತ್ರ ಇಡಬೇಕು.

ದಪ್ಪ ಕೊಡಲು ಓಪನ್‌ಸ್ಕ್ಯಾಡ್ ಬಳಸಿದೆ. ಫ್ಯೂಷನ್‌ನಲ್ಲೋ ಫ್ರೀಕ್ಯಾಡ್‌ನಲ್ಲೋ ಇದೇ ಕೆಲಸ ಆಗುತ್ತದೆ. ನಾನು ಇದನ್ನು ಆರಿಸಿದ್ದು ಊರ ಹೆಸರು ಬದಲಾದಾಗ ಒಂದು ಫೈಲ್ ಬದಲಿಸಿದರೆ ಸಾಕು ಎಂಬುದಕ್ಕೆ.

```
bhaga = "tala";
chitra = ["handi.svg", "kathari.svg", "bili.svg"];

module bidi(f, dappa) {
  translate([-30, -30, 2.4])
    linear_extrude(dappa) import(f);
}

if (bhaga == "tala")
  difference() {
    cylinder(h = 3, d = 60, $fn = 180);
    for (f = chitra) bidi(f, 1);
  }
else bidi(bhaga, 0.6);
```

ಬಿಲ್ಲೆ 3 ಮಿ.ಮೀ. ದಪ್ಪ. ತಳದಿಂದ 2.4 ಮಿ.ಮೀ. ಎತ್ತರದಲ್ಲಿ ಶುರುವಾಗುವ ಗುಳಿಗಳು, ಆ ಗುಳಿಗಳಲ್ಲಿ 0.6 ಮಿ.ಮೀ. ದಪ್ಪದ ಹಂದಿ, ಕಠಾರಿ, ಬಿಳಿ ಭಾಗ. ಮೇಲ್ಮೈ ಎಲ್ಲ ಒಂದೇ ಮಟ್ಟ. ಗುಳಿ ತೋಡುವಾಗ 0.6ರ ಬದಲು 1 ಎಂದು ಕೊಟ್ಟಿರುವುದನ್ನು ಗಮನಿಸಿ. ಕತ್ತರಿಸುವ ಅಲಗು ಬಿಲ್ಲೆಯ ಮೇಲ್ಮೈಯಿಂದ ಆಚೆ ಚಾಚಿಕೊಂಡಿರಬೇಕು. ಎರಡೂ ಸರಿಯಾಗಿ 3ರಲ್ಲೇ ನಿಂತರೆ ದಪ್ಪವೇ ಇಲ್ಲದ ಒಂದು ಪೊರೆ ಗುಳಿಯ ಬಾಯಿಗೆ ಉಳಿದುಬಿಡಬಹುದು. `bhaga` ಎಂಬಲ್ಲಿ `"tala"` ಇದ್ದಾಗ `F6` ಒತ್ತಿ ಲೆಕ್ಕ ಮುಗಿದ ಮೇಲೆ `F7` ಒತ್ತಿದರೆ ತಳದ STL ಸಿಗುತ್ತದೆ. ಅಲ್ಲಿ `"handi.svg"` ಎಂದು ಬರೆದು ಮತ್ತೆ ಅದೇ, ಆಮೇಲೆ ಕಠಾರಿ, ಆಮೇಲೆ ಬಿಳಿ. ನಾಲ್ಕು ಫೈಲ್ ಆದವು. ನಾಲ್ಕಕ್ಕೂ ಮೂಲಬಿಂದು ಬಿಲ್ಲೆಯ ನಡುವೆಯೇ, ಅದನ್ನು ಯಾರೂ ಕದಲಿಸಿಲ್ಲ.

ಸ್ಲೈಸ್ ಮಾಡುವ ಮೊದಲು ನಾನು ಒಂದು ತಾಳೆ ನೋಡುತ್ತೇನೆ. ತೋಡದ ಇಡೀ ಬಿಲ್ಲೆಯ ಗಾತ್ರ ಸುಮಾರು 8,480 ಘನ ಮಿಲಿಮೀಟರ್. ಹಂದಿ 312, ಕಠಾರಿ 54, ಬಿಳಿ 120, ತೋಡಿದ ತಳ 7,994 ಬಂತು. ಕೂಡಿದರೆ 8,480. ಸ್ಲೈಸರಿನಲ್ಲಿ ಪ್ರತಿ ಭಾಗವನ್ನು ಆರಿಸಿದಾಗ ಅದರ ಗಾತ್ರ ತೋರಿಸುತ್ತದೆ, ಅಲ್ಲಿಂದ ಎತ್ತಿಕೊಳ್ಳಬಹುದು. ಮೊತ್ತ ಹೆಚ್ಚು ಬಂದರೆ ಎಲ್ಲೋ ಎರಡು ಬಾಡಿ ಒಂದರೊಳಗೊಂದು ಹೊಕ್ಕಿವೆ, ಕಡಿಮೆ ಬಂದರೆ ಎಲ್ಲೋ ಸೀಳಿದೆ. ಒಮ್ಮೆ ನನಗೆ 54 ಹೆಚ್ಚು ಬಂತು. ಅದು ಕಠಾರಿಯದೇ ಲೆಕ್ಕ. `chitra` ಪಟ್ಟಿಯಲ್ಲಿ ಕಠಾರಿಯ ಹೆಸರು ಬಿಟ್ಟುಹೋಗಿ, ತಳದಲ್ಲಿ ಅದರ ಗುಳಿಯೇ ಬಿದ್ದಿರಲಿಲ್ಲ. ಪರದೆಯ ಮೇಲೆ ಆ ತಪ್ಪು ಕಾಣುವುದೇ ಇಲ್ಲ, ಬಿಲ್ಲೆ ಚೆಂದವಾಗಿಯೇ ಕಾಣುತ್ತದೆ. ಹಾಗೆ ಹೊಕ್ಕಿದ್ದರೆ ಆ ಜಾಗ ಯಾವ ಬಣ್ಣ ಎಂಬುದನ್ನು ಭಾಗಗಳು ಪಟ್ಟಿಯಲ್ಲಿರುವ ಕ್ರಮ ನೋಡಿ ಸ್ಲೈಸರೇ ತೀರ್ಮಾನಿಸುತ್ತದೆ. ಇಂದು ಸರಿಯಾಗಿ ಬಂದದ್ದು ನಾಳೆ ಪಟ್ಟಿ ಹಿಂದುಮುಂದಾದರೆ ಕೆಡುತ್ತದೆ.

ಸ್ಲೈಸರಿನಲ್ಲಿ ಒಂದೇ ಎಚ್ಚರ. ನಾಲ್ಕೂ STL ಫೈಲುಗಳನ್ನು ಒಟ್ಟಿಗೆ ಆರಿಸಿ ಒಂದೇ ಸಲ ತರಬೇಕು. ಬಾಂಬು ಸ್ಟುಡಿಯೊ, ಆರ್ಕಾ, ಪ್ರೂಸಾ ಮೂರೂ ಆಗ ಕೇಳುತ್ತವೆ: ಇವೆಲ್ಲ ಒಂದೇ ವಸ್ತುವಿನ ಭಾಗಗಳೇ? ಹೌದು ಎನ್ನಬೇಕು. ಅಲ್ಲ ಎಂದರೆ ನಾಲ್ಕೂ ಬೇರೆ ಬೇರೆ ವಸ್ತುಗಳಾಗಿ, ಹಂದಿ ಗುಳಿಯಿಂದ ಎದ್ದು ಹಾಸಿಗೆಯ ಮೇಲೆ ಬಂದು ಮಲಗುತ್ತದೆ. ಆಮೇಲೆ ಕೈಯಿಂದ ಎಳೆದು ಕೂರಿಸಲು ಹೋಗಬೇಡಿ. ಅಳಿಸಿ, ಮತ್ತೆ ತನ್ನಿ. ಭಾಗಗಳ ಪಟ್ಟಿಯಲ್ಲಿ ಪ್ರತಿಯೊಂದಕ್ಕೂ ಫಿಲಮೆಂಟಿನ ಅಂಕಿ ಕೊಟ್ಟು, ಎಲ್ಲವನ್ನೂ 3MF ಆಗಿ ಉಳಿಸಿ. STL ಮರೆಯುವುದನ್ನು 3MF ನೆನಪಿಟ್ಟುಕೊಳ್ಳುತ್ತದೆ: ಯಾವ ಭಾಗ, ಎಲ್ಲಿ, ಯಾವ ಬಣ್ಣ.

ಇನ್ನು ಆ 0.6 ಏಕೆ ಎಂಬುದು. ಪದರ 0.2 ಮಿ.ಮೀ. ಆದ್ದರಿಂದ ಬಣ್ಣಕ್ಕೆ ಮೂರು ಪದರ ಸಿಕ್ಕಿತು. ಒಂದೇ ಪದರ ಬಿಳಿ ಹಾಕಿ ನೋಡಿದೆ, ಕೆಳಗಿನ ಕಾವಿ ಹಾಯ್ದು ಸೂರ್ಯ ಗುಲಾಬಿಯಾದ. ಮೂರು ಪದರಕ್ಕೆ ಬಿಳಿ ಬಿಳಿಯಾಗಿ ನಿಂತಿತು. ಹಾಗಾದರೆ ಬಣ್ಣವನ್ನು ತಳದವರೆಗೂ ಇಳಿಸಿದರೆ ಇನ್ನೂ ಒಳ್ಳೆಯದಲ್ಲವೇ? ಇಲ್ಲಿ ಲೆಕ್ಕ ಹಾಕಬೇಕು. ನಾಲ್ಕು ಬಣ್ಣವಿರುವ ಪ್ರತಿ ಪದರಕ್ಕೆ ಮೂರು ಬದಲಾವಣೆ ಬೇಕು, ಹಿಂದಿನ ಪದರ ಮುಗಿದ ಬಣ್ಣದಲ್ಲೇ ಮುಂದಿನದು ಶುರುವಾಗುವುದರಿಂದ ನಾಲ್ಕಲ್ಲ. ಮೂರು ಪದರಕ್ಕೆ ಒಂಬತ್ತು ಬದಲಾವಣೆ. ಬಣ್ಣ ಹದಿನೈದೂ ಪದರಕ್ಕೆ ಇಳಿದರೆ ನಲವತ್ತೈದು. ಒಂದು ಬದಲಾವಣೆಗೆ ನಾಜಲ್ ಉಗಿಯುವುದು 300 ಘನ ಮಿಲಿಮೀಟರ್ ಎಂದಿಟ್ಟುಕೊಳ್ಳಿ, ಕಪ್ಪಿನಿಂದ ಬಿಳಿಗೆ ಹೋಗುವಾಗ ಹೆಚ್ಚು, ಬಿಳಿಯಿಂದ ಕಪ್ಪಿಗೆ ಕಡಿಮೆ. ಪಿಎಲ್‌ಎ ಆದರೆ ಅದು ಸುಮಾರು 0.37 ಗ್ರಾಂ. ಒಂಬತ್ತಕ್ಕೆ ಸುಮಾರು ಮೂರೂಕಾಲು ಗ್ರಾಂ ಕಸ, ನಲವತ್ತೈದಕ್ಕೆ ಸುಮಾರು ಹದಿನಾರೂಮುಕ್ಕಾಲು. ಇಡೀ ಬಿಲ್ಲೆ ಗಟ್ಟಿಯಾಗಿ ತುಂಬಿದರೂ ಹತ್ತೂವರೆ ಗ್ರಾಂ. ಕಣ್ಣಿಗೆ ಒಂದೇ ಥರ ಕಾಣುವ ಎರಡು ಬಿಲ್ಲೆಗಳಲ್ಲಿ ಒಂದಕ್ಕೆ ಬಿಲ್ಲೆಗಿಂತ ಕಸವೇ ಹೆಚ್ಚಾಗುತ್ತದೆ.

ಮತ್ತೊಂದು ಅನುಕೂಲ ಈ ಲೆಕ್ಕದೊಳಗೇ ಇದೆ. ಬದಲಾವಣೆಯ ಸಂಖ್ಯೆ ಪದರಕ್ಕೆ ಸೇರಿದ್ದು, ಬಿಲ್ಲೆಗಲ್ಲ. ಹಾಸಿಗೆಯ ಮೇಲೆ ಒಂದೇ ಬಿಲ್ಲೆ ಇದ್ದರೂ ಒಂಬತ್ತು, ಒಂಬತ್ತು ಬಿಲ್ಲೆ ಇದ್ದರೂ ಒಂಬತ್ತೇ, ಎಲ್ಲ ಹಳದಿಯನ್ನು ಒಮ್ಮೆಗೇ ಹಾಕಿ ಮುಂದೆ ಹೋಗುತ್ತದೆ. ನಾಲ್ಕು ಊರಿನ ಬಿಲ್ಲೆಗಳಲ್ಲೂ ಗುಳಿಯ ಎತ್ತರ ಒಂದೇ ಇಟ್ಟಿದ್ದರಿಂದ ಸಂಡೂರು ಮತ್ತು ಕಂಪ್ಲಿಯದನ್ನು ಒಂದೇ ಹಾಸಿಗೆಗೆ ಬೆರೆಸಲೂ ಅಡ್ಡಿ ಇರಲಿಲ್ಲ. ಒಂದರದು 0.6, ಇನ್ನೊಂದರದು 0.8 ಎಂದು ಇಟ್ಟಿದ್ದರೆ ಇಡೀ ಹಾಸಿಗೆಗೆ ಒಂದು ಪದರದ ಬದಲಾವಣೆ ಸುಮ್ಮನೆ ಸೇರಿಕೊಳ್ಳುತ್ತಿತ್ತು.

ಬಿಲ್ಲೆಯನ್ನು ಮುಖ ಮೇಲೆ ಮಾಡಿ ಮುದ್ರಿಸಬೇಕೇ, ಕೆಳಗೆ ಮಾಡಿಯೇ? ನಾನು ಮುಖ ಕೆಳಗೆ ಎಂದೇ ಹೇಳುತ್ತೇನೆ. ಸ್ಲೈಸರಿನಲ್ಲಿ 180 ಡಿಗ್ರಿ ತಿರುಗಿಸಿದರೆ ಸಾಕು. `Mirror` ಒತ್ತಬೇಡಿ, ಒತ್ತಿದರೆ ಅಕ್ಷರ ಉಲ್ಟಾ ಆಗುತ್ತದೆ. ಹಾಸಿಗೆಗೆ ತಾಗಿಕೊಂಡ ಅಕ್ಷರ ಪರದೆಯಲ್ಲಿ ಕೆಳಗಿನಿಂದ ನೋಡಿದಾಗ ಸರಿಯಾಗಿ ಓದಿಸಿಕೊಂಡರೆ ಸರಿ ಎಂದರ್ಥ. ಬಣ್ಣಗಳೆಲ್ಲ ಮೊದಲ ಮೂರು ಪದರದಲ್ಲೇ ಮುಗಿದು, ಉಳಿದ ಹನ್ನೆರಡು ಪದರ ಕಾವಿಯೊಂದರಲ್ಲೇ ತಡೆಯಿಲ್ಲದೆ ಓಡುತ್ತದೆ. ನಾಜಲ್ ಒರೆಸಿಕೊಳ್ಳಲು ಪಕ್ಕದಲ್ಲಿ ಕಟ್ಟುವ ಗೋಪುರವೂ ಮೂರು ಪದರಕ್ಕೇ ನಿಲ್ಲುತ್ತದೆ. ಮುಖ ಮೇಲಿದ್ದರೆ ಆ ಗೋಪುರ ತುದಿಯವರೆಗೆ ಏರಬೇಕು. ಇದಕ್ಕಿಂತ ನನಗೆ ಹಿಡಿಸಿದ್ದು ಮೇಲ್ಮೈ. ಹಾಸಿಗೆಯ ತಗಡು ನಯವಲ್ಲದ, ಸಣ್ಣ ಹರಳಿನಂಥ ಮೈಯ ಪಿಇಐ. ಅದರ ಮೇಲೆ ಬಂದ ಹಂದಿಯ ಮೈ ಹಂಪಿಯ ಬಂಡೆಯ ಹಾಗೆ ತರಿತರಿಯಾಗಿ, ಬೆಳಕಿಗೆ ಹೊಳಪಿಲ್ಲದೆ ಕೂತಿತ್ತು. ತೊಂದರೆ ಒಂದಿದೆ: ಮೊದಲ ಪದರವನ್ನು ನಾಜಲ್ ಒತ್ತಿ ಹಾಕುವುದರಿಂದ ಗೆರೆಗಳು ತುಸು ಹರಡುತ್ತವೆ, ಸೊನ್ನೆಯ ಒಳಬಯಲು, ಕೋರೆಯ ಸಂದು ಕಿರಿದಾಗುತ್ತವೆ. ಸೊನ್ನೆಗೆ ಒಂದೂವರೆ ಮಿಲಿಮೀಟರ್ ಎಂದು ಮೊದಲೇ ಹಟ ಹಿಡಿದದ್ದು ಇದಕ್ಕೇ.

ಮುದ್ರಣಕ್ಕೆ ಕಳಿಸುವ ಮುನ್ನ ಪ್ರಿವ್ಯೂನಲ್ಲಿ ಬಣ್ಣದ ನೋಟವನ್ನು ಫಿಲಮೆಂಟ್ ಪ್ರಕಾರ ಇಟ್ಟು, ಮೊದಲ ಮೂರು ಪದರವನ್ನು ಒಂದೊಂದಾಗಿ ಸರಿಸಿ ನೋಡಿ. ಕಠಾರಿಯ ಮೊನೆಗೆ ಗೆರೆ ತಲುಪಿದೆಯೇ, ಸೊನ್ನೆಯೊಳಗೆ ಕಾವಿ ಇದೆಯೇ, ಹಂದಿಯ ಸುತ್ತ ಎಲ್ಲಾದರೂ ಖಾಲಿ ಹಾಸಿಗೆ ಕಾಣುತ್ತದೆಯೇ. ಇಲ್ಲಿ ಕಾಣದ ಗೆರೆ ತಗಡಿನ ಮೇಲೂ ಬರುವುದಿಲ್ಲ.

ನಾಲ್ಕು ಸುರುಳಿಯ ಪೆಟ್ಟಿಗೆ ಇಲ್ಲದವರು ಇದನ್ನು ಬೇರೆ ರೀತಿ ಮಾಡಬಹುದು, ಆದರೆ ಮಾದರಿಯನ್ನೂ ಬೇರೆ ರೀತಿ ಒಡೆಯಬೇಕು. ಕೈಯಿಂದ ಫಿಲಮೆಂಟ್ ಬದಲಿಸುವಾಗ ಒಂದು ಪದರಕ್ಕೆ ಒಂದೇ ಬಣ್ಣ ಇರಬೇಕು, ಆದ್ದರಿಂದ ಬಣ್ಣಗಳು ಪಕ್ಕಪಕ್ಕ ಕೂರುವುದಿಲ್ಲ, ಮೆಟ್ಟಿಲಾಗಿ ಏರುತ್ತವೆ. 2.4 ಮಿ.ಮೀ. ತನಕ ಕಾವಿ, ಅಲ್ಲಿಂದ 3.0 ತನಕ ಬಿಳಿ, 3.6 ತನಕ ಹಳದಿ, 4.2 ತನಕ ಬೂದಿ. ಹಂದಿ 3.0ರಿಂದ ಶುರುವಾಗುವುದರಿಂದ ಅದರ ಕೆಳಗೆ ಬಿಳಿಯ ಹಾಸು ಬೇಕು, ಕಠಾರಿಯ ಕೆಳಗೆ ಬಿಳಿ, ಹಳದಿ ಎರಡೂ ಬೇಕು. ಆ ಹಾಸುಗಳನ್ನು ಅರ್ಧ ಮಿಲಿಮೀಟರ್ ಅಗಲ ಮಾಡಿದರೆ ಹಂದಿಯ ಸುತ್ತ ಬಿಳಿ ಅಂಚು ಮೂಡುತ್ತದೆ, ಸಂಡೂರಿನ ಲಂಬಾಣಿ ಕಸೂತಿಯಲ್ಲಿ ಕನ್ನಡಿಯ ಸುತ್ತ ಬಿಳಿ ಹೊಲಿಗೆ ಹಾಕಿದ ಹಾಗೆ. ಇದಕ್ಕೆ ನಾಲ್ಕು ಬಾಡಿ ಬೇಡ, ಒಂದೇ STL ಸಾಕು. ಸ್ಲೈಸರಿನ ಪದರದ ಪಟ್ಟಿಯಲ್ಲಿ ಮೂರು ಎತ್ತರಕ್ಕೆ ಬಣ್ಣ ಬದಲಾವಣೆ ಗುರುತು ಹಾಕಿದರೆ, ಪ್ರಿಂಟರಿಗೆ ಗೊತ್ತಿದ್ದಲ್ಲಿ `M600` ಆಜ್ಞೆಯಾಗಿ ಹೋಗಿ, ಯಂತ್ರ ನಿಂತು ನಿಮ್ಮನ್ನು ಕಾಯುತ್ತದೆ. ಇಲ್ಲಿ ಕಸವೂ ತೀರಾ ಕಡಿಮೆ, ಇಡೀ ಹಾಸಿಗೆಗೆ ಮೂರೇ ಬದಲಾವಣೆ. ಮಟ್ಟಸವಾದ ಮೇಲ್ಮೈ ಮಾತ್ರ ಸಿಗುವುದಿಲ್ಲ.

ಯಾರೋ ಮಾಡಿದ, ಬೆಸೆದುಹೋದ STL ಒಂದೇ ಕೈಯಲ್ಲಿದ್ದರೆ? ಸ್ಲೈಸರಿನ ಬಣ್ಣ ಬಳಿಯುವ ಸಾಧನದಿಂದ ಹಂದಿಯ ಮೇಲ್ಮೈಗೆ ಹಳದಿ ತುಂಬಬಹುದು. ಆಕಾರ ಉಬ್ಬಿಕೊಂಡಿದ್ದರೆ ಅದು ಅಂಚು ಹಿಡಿಯುತ್ತದೆ, ಅವಸರದ ಕೆಲಸಕ್ಕೆ ನಡೆಯುತ್ತದೆ. ಆದರೆ ಬಣ್ಣ ಎಷ್ಟು ಆಳಕ್ಕೆ ಇಳಿಯಬೇಕು ಎಂಬುದು ಪೂರ್ತಿ ನಿಮ್ಮ ಕೈಯಲ್ಲಿರುವುದಿಲ್ಲ, ಮಟ್ಟಸವಾದ ಮೇಲ್ಮೈಯಲ್ಲಿ ಹಿಡಿಯಲು ಅಂಚೂ ಇರುವುದಿಲ್ಲ. ಮೂವತ್ತಾರು ಬಿಲ್ಲೆಯ ಕೆಲಸವಾದರೆ ಆ ಹೊತ್ತಿನಲ್ಲಿ ಚಿತ್ರವನ್ನೇ ಮತ್ತೆ ಎಳೆಯುವುದು ಮೇಲು.

ನಮ್ಮ ನಾಲ್ಕು ಹಾಸಿಗೆ ಎರಡು ದಿನದಲ್ಲಿ ಮುಗಿದವು. ಮೊದಲ ಹಾಸಿಗೆಯ ಒಂದು ಬಿಲ್ಲೆಯಲ್ಲಿ ಮಾತ್ರ ಹಂಪಿಯ ಸೊನ್ನೆಯೊಳಗಿನ ಚುಕ್ಕಿ ಎದ್ದುಹೋಗಿತ್ತು. ಹುಡುಗ ಬಂದು ಒಂದನ್ನು ಕೈಗೆತ್ತಿಕೊಂಡು ಉಗುರಿನಿಂದ ಹಂದಿಯ ಅಂಚನ್ನು ಕೆರೆದು ನೋಡಿದ, ಎರಡು ಸಲ. ಎಲ್ಲೂ ಉಗುರು ಸಿಕ್ಕಿಕೊಳ್ಳಲಿಲ್ಲ.

"ಆಚಂದ್ರಾರ್ಕ ಅಂತ ಶಾಸನದಾಗ ಬರ್ದಿರ್ತಾರಲ್ಲಣ್ಣ, ಅದಕ್ಕ ಈ ಸೂರ್ಯ ಚಂದ್ರ. ಟೂರಿಸ್ಟ್‌ರಿಗೆ ನಾ ದಿನಾ ಹೇಳ್ತೀನಿ," ಎಂದ. ಚುಕ್ಕಿ ಹೋದ ಬಿಲ್ಲೆಯನ್ನು ಬೇರೆ ಇಟ್ಟಿದ್ದೆ. ಅದನ್ನು ನೋಡಿ, ಇದು ಹಪಿ ಆಗೇತಲ್ಲ ಎಂದು ವಾಪಸ್ ಕೊಟ್ಟ. ಆ ಊರ ಹೆಸರಿನ ಫೈಲ್ ತೆರೆದು ಸೊನ್ನೆಯ ಒಳಬಯಲನ್ನು 1.8 ಮಿಲಿಮೀಟರಿಗೆ ಏರಿಸಿ, ಅವನು ಚಹಾ ಕುಡಿದು ಬರುವಷ್ಟರಲ್ಲಿ ಮೂವತ್ತಾರನೆಯದನ್ನು ಮುದ್ರಣಕ್ಕೆ ಹಾಕಿದೆ.